ಪೆನ್ಸಿಲ್ ಮೊದಲೋ, ಪೆನ್ನು ಮೊದಲೋ? ಬೆರಕೆಯಾಗಿ ಬಿಡಿಸಿದ ವರ್ಕ್‌ಶೀಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಕುಂಜಿಬೆಟ್ಟಿನಲ್ಲಿ ಮನೆಯ ಜಗಲಿಯ ಮೇಲೆ ಸಂಜೆ ಹೊತ್ತು ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮಕ್ಕಳು ಅರ್ಧ ಪೆನ್ಸಿಲ್, ಅರ್ಧ ಪೆನ್ನಿನಲ್ಲಿ ಬಿಡಿಸಿದ ಹಾಳೆಗಳನ್ನು ಹಿಡಿದುಕೊಂಡು ತಂದೆತಾಯಂದಿರೂ ಹೊಸದಾಗಿ ಪಾಠ ಶುರುಮಾಡಿದ ಟೀಚರ್‌ಗಳೂ ಬಂದು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಮಗು ಮೊದಲು ಏನು ಬರೆದಿತ್ತು ಎಂದು ಗೊತ್ತಾದರೆ ಅದಕ್ಕೆ ಯಾವುದು ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ. ನನಗೆ ಇದರಲ್ಲಿ ಆಸಕ್ತಿ ಬಂದದ್ದು ಆ ಕಾರಣಕ್ಕೆ, ಕಳ್ಳನನ್ನು ಹಿಡಿಯುವುದಕ್ಕಲ್ಲ.

ಪೆನ್ಸಿಲ್‌ನಲ್ಲಿರುವುದು ಮೂಲ ಉತ್ತರ, ಪೆನ್ನಿನಲ್ಲಿರುವುದು ಆಮೇಲಿನ ತಿದ್ದುಪಡಿ ಎಂದುಕೊಳ್ಳಬಹುದಲ್ಲವೇ?

ಹೆಚ್ಚಿನ ಸಲ ಹಾಗೆಯೇ ಇರುತ್ತದೆ. ಆ ಕಾರಣಕ್ಕೇ ಉಳಿದ ಸಲ ನಾವು ಮೋಸ ಹೋಗುತ್ತೇವೆ. ಪೆನ್ನಿನ ರೀಫಿಲ್ ಮುಗಿದು ಮಗು ಎಂಟನೆಯ ಪ್ರಶ್ನೆಯಿಂದ ಪೆನ್ಸಿಲ್ ಹಿಡಿದಿದ್ದರೆ ಎರಡೂ ಮೂಲವೇ. ಕೆಲವು ಮಕ್ಕಳು ಖಚಿತವಾಗಿ ಗೊತ್ತಿರುವ ಉತ್ತರವನ್ನು ಪೆನ್ನಿನಲ್ಲಿ, ಅನುಮಾನ ಇರುವುದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಅಲ್ಲಿ ಬಣ್ಣ ಹೇಳುವುದು ಧೈರ್ಯದ ಮಟ್ಟವನ್ನು ಮಾತ್ರ, ಕಾಲಕ್ರಮವನ್ನಲ್ಲ. ಇನ್ನು ಪೆನ್ನಿನಲ್ಲಿ ಬರೆದು ಮುಗಿಸಿದ ಮೇಲೆ ಅಮ್ಮನೋ ಅಕ್ಕನೋ ಪಕ್ಕದಲ್ಲಿ ಪೆನ್ಸಿಲ್‌ನಿಂದ ಸರಿ ಉತ್ತರ ಬರೆದುಕೊಟ್ಟ ಹಾಳೆಗಳೂ ಬರುತ್ತವೆ. ಅಂಥ ಹಾಳೆಯಲ್ಲಿ ಕ್ರಮ ಪೂರ್ತಿ ತಲೆಕೆಳಗು.

ಆದ್ದರಿಂದ ಇಡೀ ಹಾಳೆಗೆ ಒಂದೇ ನಿಯಮ ಹಾಕಬೇಡಿ. ಒಂದೊಂದು ಉತ್ತರವನ್ನೂ ಪ್ರತ್ಯೇಕವಾಗಿ ನೋಡಿ.

ಅನುಮಾನ ಬಂದ ಹಾಳೆ ಕೈಗೆ ಬಂದಾಗ ಮೊದಲು ಏನು ಮಾಡಬೇಕು?

ಕೈಯಲ್ಲಿರುವ ಕೆಂಪು ಪೆನ್ನನ್ನು ಕೆಳಗಿಡಿ. ನಿಮ್ಮ ಗುರುತುಗಳೂ ಸೇರಿಕೊಂಡರೆ ಓದುವುದು ಇನ್ನಷ್ಟು ಕಷ್ಟ. ಹಾಳೆಯನ್ನು ಮಡಚದೆ, ಸಾಧಾರಣ ಬೆಳಕಿನಲ್ಲಿ ನೇರವಾಗಿ ಒಂದು ಫೋಟೋ ತೆಗೆದಿಡಿ.

ನಾವೆಲ್ಲ ಚಿಕ್ಕಂದಿನಲ್ಲಿ ಕಲಿತ ಒಂದು ಆಟವಿದೆ: ಅಳಿಸಿದ ಜಾಗದ ಮೇಲೆ ಪೆನ್ಸಿಲ್‌ನ ಮೊನೆಯನ್ನು ಓರೆಯಾಗಿ ತೀಡಿದರೆ ಹಳೆಯ ಅಕ್ಷರ ಬಿಳಿಯಾಗಿ ಮೂಡುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಒಂದು ಸಲ ತೀಡಿದರೆ ಮೂಲ ಪೆನ್ಸಿಲ್ ಪುಡಿ ಯಾವುದು, ನೀವು ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಅದರಿಂದ ಸಿಗುವುದನ್ನೆಲ್ಲ ಟಾರ್ಚಿನ ಓರೆ ಬೆಳಕು ಹಾಳೆಯನ್ನು ಮುಟ್ಟದೆಯೇ ಕೊಡುತ್ತದೆ.

ರಬ್ಬರ್‌ನಿಂದ ಚೆನ್ನಾಗಿ ಅಳಿಸಿದ ಮೇಲೂ ಹಳೆಯ ಉತ್ತರ ಓದಲು ಸಾಧ್ಯವೇ?

ಬಹಳ ಸಲ ಸಾಧ್ಯ. ಹೇಗೆ ಎಂದು ತಿಳಿಯಲು ಪೆನ್ಸಿಲ್ ಕಾಗದಕ್ಕೆ ಏನು ಮಾಡುತ್ತದೆ ಎಂದು ನೋಡಬೇಕು. ಪೆನ್ಸಿಲ್‌ನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಬರೆಯುವಾಗ ಗ್ರಾಫೈಟ್‌ನ ಸಣ್ಣ ಹಳಕುಗಳು ಕಾಗದದ ನಾರುಗಳ ಮೇಲೆ ಮತ್ತು ನಾರುಗಳ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅದರ ಜೊತೆಗೆ ಮೊನೆಯ ಒತ್ತಡಕ್ಕೆ ಕಾಗದ ತಗ್ಗಿ ಒಂದು ಸಣ್ಣ ಕಾಲುವೆ ಬೀಳುತ್ತದೆ. ರಬ್ಬರ್ ಪುಡಿಯನ್ನು ಎತ್ತಿಕೊಂಡು ಹೋಗುತ್ತದೆ, ಕಾಲುವೆ ಅಲ್ಲಿಯೇ ಉಳಿಯುತ್ತದೆ.

ಕೋಣೆಯ ದೀಪ ಆರಿಸಿ. ಹಾಳೆಯನ್ನು ಗಟ್ಟಿಯಾದ ಸಮತಟ್ಟು ಮೇಜಿನ ಮೇಲಿಡಿ. ಮೊಬೈಲಿನ ಟಾರ್ಚನ್ನು ಮೇಜಿನ ಮೇಲೆಯೇ ಮಲಗಿಸಿ, ಬೆಳಕು ಕಾಗದವನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಸಂಜೆ ಮಲ್ಪೆಯ ಕಡಲ ತೀರದಲ್ಲಿ ಇಳಿಬಿಸಿಲು ಬಿದ್ದಾಗ ಮರಳಿನ ಮೇಲಿನ ಪ್ರತಿ ಹೆಜ್ಜೆಯೂ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಅದೇ ಮರಳು ಚಪ್ಪಟೆಯಾಗಿ ಕಾಣುತ್ತದೆ. ಇಲ್ಲಿ ನಡೆಯುವುದೂ ಅದೇ. ಬೆಳಕನ್ನು ನಾಲ್ಕೂ ಕಡೆಯಿಂದ ಹಾಯಿಸಬೇಕು. ಎಡದಿಂದ ಬಂದ ಬೆಳಕಿಗೆ ನಿಂತ ಗೆರೆ ಕಾಣುತ್ತದೆ, ಅಡ್ಡಗೆರೆ ಕಾಣುವುದಿಲ್ಲ. ಎಡಗಡೆಯಿಂದ ಮಾತ್ರ ನೋಡಿ 7 ಅನ್ನು 1 ಎಂದು ಓದಿದವರನ್ನು ನಾನು ಕಂಡಿದ್ದೇನೆ.

ಅಳಿಸಿದ ಜಾಗದಲ್ಲಿ ಇನ್ನೂ ಮೂರು ಗುರುತುಗಳಿವೆ. ನಾರುಗಳು ಎದ್ದು ಅಲ್ಲಿ ಕಾಗದದ ನುಣುಪು ಹೋಗಿರುತ್ತದೆ. ಎಷ್ಟೇ ತಿಕ್ಕಿದರೂ ಸಂದಿಗಳಲ್ಲಿ ಸ್ವಲ್ಪ ಗ್ರಾಫೈಟ್ ಉಳಿದು ಬೂದು ಮಂಕು ಕಾಣುತ್ತದೆ. ಉತ್ತರ ಬರೆಯಲು ಅಚ್ಚಾಗಿರುವ ಗೆರೆ ಆ ಭಾಗದಲ್ಲಿ ಕೆಲವೊಮ್ಮೆ ಮಸುಕಾಗಿರುತ್ತದೆ. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ. ಗಟ್ಟಿಯಾಗಿ ಒತ್ತಿ ಬರೆಯುವ ಮಗುವಾದರೆ ಅಂಕಿ ಹಿಂದೆ ಉಬ್ಬಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಸಿಗುತ್ತದೆ. ಹಾಳೆಯನ್ನು ಪುಸ್ತಕದ ಮೇಲಿಟ್ಟು ಬರೆದಿದ್ದರೆ ಕೆಳಗಿದ್ದ ಪುಟವನ್ನೂ ಬಿಡಬೇಡಿ. ಅದಕ್ಕೆ ರಬ್ಬರ್ ತಾಗಿರುವುದೇ ಇಲ್ಲ.

ಪೆನ್ಸಿಲ್‌ನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಎಚ್ ಜಾತಿಯ ಗಟ್ಟಿ ಪೆನ್ಸಿಲ್ ತೆಳುವಾಗಿ ಬರೆದರೂ ಆಳವಾಗಿ ಕೊರೆಯುತ್ತದೆ. 2ಬಿ ಮೆತ್ತಗಿನದು, ಕಪ್ಪಾಗಿ ಬರೆಯುತ್ತದೆ, ಕಾಲುವೆ ಮಾತ್ರ ಆಳವಾಗುವುದಿಲ್ಲ. ಡಾರ್ಕ್ ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆದು ಅಳಿಸಿದ್ದರೆ ಟಾರ್ಚಿಗೆ ಏನೂ ಸಿಗದಿರಬಹುದು. ಕಾಲುವೆ ಕಾಣಲಿಲ್ಲ ಎಂಬುದರಿಂದ ಅಲ್ಲಿ ಏನೂ ಇರಲಿಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ.

ಪೆನ್ನಿನಲ್ಲಿ ಬರೆದ ಮೇಲೆ ಅಳಿಸಿದರೋ, ಅಳಿಸಿದ ಮೇಲೆ ಪೆನ್ನಿನಲ್ಲಿ ಬರೆದರೋ ಎಂದು ತಿಳಿಯುವುದು ಹೇಗೆ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಉಪಯುಕ್ತ ಪ್ರಶ್ನೆ ಇದು. ಎರಡರ ಅರ್ಥವೂ ಬೇರೆ ಬೇರೆ. ಪೆನ್ಸಿಲ್‌ನ ಉತ್ತರದ ಮೇಲೆಯೇ ಪೆನ್ನಿನಲ್ಲಿ ಅದನ್ನೇ ಮತ್ತೆ ಬರೆದು, ಆಮೇಲೆ ಪೆನ್ಸಿಲ್ ಗೆರೆಯನ್ನು ಅಳಿಸಿದ್ದರೆ ಉತ್ತರ ಬದಲಾಗಿಲ್ಲ, ಅಂದಗೊಂಡಿದೆ ಅಷ್ಟೆ. ಮೊದಲು ಅಳಿಸಿ, ಆಮೇಲೆ ಪೆನ್ನಿನಲ್ಲಿ ಬೇರೆಯದನ್ನು ಬರೆದಿದ್ದರೆ ಅದು ತಿದ್ದುಪಡಿ.

ಹತ್ತುಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ ಸಾಕು. ಪೆನ್ನಿನ ಮೇಲೆ ರಬ್ಬರ್ ಆಡಿದ್ದರೆ ಮಸಿಯ ಹೊಳಪು ಹೋಗಿ ಗೆರೆ ಮಂಕಾಗಿರುತ್ತದೆ, ತಿಕ್ಕಿದ ದಿಕ್ಕಿನಲ್ಲಿ ತೆಳು ನೀಲಿ ಹರಡಿರುತ್ತದೆ. ಬಾಲ್‌ಪೆನ್ನಿನ ಮಸಿ ಎಣ್ಣೆಯಂಥ ಮಂದ ದ್ರವ, ಹೊಸದಾಗಿದ್ದಾಗ ಸುಲಭವಾಗಿ ಹರಡುತ್ತದೆ. ಬದಲಿಗೆ ಅಳಿಸಿದ ಜಾಗದ ಮೇಲೆ ಬರೆದಿದ್ದರೆ ಸುತ್ತಲಿನ ಕಾಗದ ಒರಟಾಗಿದ್ದರೂ ಪೆನ್ನಿನ ಗೆರೆ ಹೊಳಪಾಗಿ, ಯಾರೂ ಮುಟ್ಟದಂತೆ ಇರುತ್ತದೆ. ಜೆಲ್ ಪೆನ್ನಾದರೆ ಗೆರೆಯ ಅಂಚು ಎದ್ದ ನಾರುಗಳಗುಂಟ ಒಸರಿ ಗರಿಯಂತೆ ಹರಡಿರುತ್ತದೆ. ಅದು ನೀರಿನ ಮಸಿ, ನಾರು ಬಿಚ್ಚಿದ ಕಡೆ ಹೀರಿಕೊಳ್ಳುತ್ತದೆ.

ಪೆನ್ಸಿಲ್ ಗೆರೆಯನ್ನು ಅಳಿಸದೆ ಅದರ ಮೇಲೆಯೇ ಪೆನ್ನಿನಲ್ಲಿ ಬರೆದದ್ದನ್ನು ಗುರುತಿಸುವುದು ಸುಲಭ. ಸೊನ್ನೆಯ ಬಳುಕಿನಲ್ಲಿ, ಎರಡರ ಬಾಲದಲ್ಲಿ ಪೆನ್ನು ದಾರಿ ತಪ್ಪಿ ಬೂದು ಗೆರೆ ಪಕ್ಕಕ್ಕೆ ಇಣುಕುತ್ತದೆ. ಗ್ರಾಫೈಟ್ ಜಾರು ವಸ್ತುವಾದ್ದರಿಂದ ಬಾಲ್‌ಪೆನ್ನಿನ ಗುಂಡು ಅದರ ಮೇಲೆ ಉರುಳದೆ ಜಾರಿ, ಮಸಿ ಅಲ್ಲಲ್ಲಿ ಬಿಟ್ಟು ಬಿಟ್ಟು ಹತ್ತಿರುತ್ತದೆ.

ಎರಡು ಗೆರೆಗಳು ಅಡ್ಡ ಹಾಯುವ ಕಡೆ ಯಾವುದು ಮೇಲಿದೆ ಎಂದು ನೋಡಿದರೆ ಸಾಲದೇ?

ಕೇಳುವುದಕ್ಕೆ ಸರಳ, ನೋಡುವಾಗ ಕಣ್ಣು ಮೋಸ ಮಾಡುತ್ತದೆ. ಪೆನ್ಸಿಲ್ ಗೆರೆಗೆ ಓರೆಯಲ್ಲಿ ಲೋಹದಂಥ ಹೊಳಪಿದೆ. ಬಾಲ್‌ಪೆನ್ನಿನ ತೆಳು ಮಸಿ ಮೇಲೆ ಬಿದ್ದಿದ್ದರೂ ಕೆಳಗಿನ ಗ್ರಾಫೈಟ್ ಮಿನುಗುವುದರಿಂದ ಪೆನ್ಸಿಲ್ಲೇ ಮೇಲಿದ್ದ ಹಾಗೆ ಕಾಣಬಹುದು. ಆ ಹೊಳಪು ಮಸಿಯ ಅಗಲವಿಡೀ ಒಂದು ಚೂರೂ ತುಂಡಾಗದೆ ಹಾದುಹೋಗಿದ್ದರೆ ಪೆನ್ಸಿಲ್ ಆಮೇಲಿನದು ಎಂದು ಒಲವು ತೋರಬಹುದು. ಕಪ್ಪು ಜೆಲ್ ಮಸಿಯಲ್ಲಿ ಇದು ಇನ್ನೂ ಸ್ಪಷ್ಟ, ಅದು ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಬರೀ ಒಂದು ಅಡ್ಡಹಾಯುವಿಕೆಯನ್ನು ನಂಬಿ ನಾನು ಯಾವತ್ತೂ ಮಗುವಿನೊಂದಿಗೆ ಮಾತಿಗೆ ಕೂತಿಲ್ಲ.

ಒಂದು ಹಾಳೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೀರಾ?

ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳಿನಲ್ಲಿ ಬಂದ ಹಾಳೆ. ಏಳನೆಯ ಪ್ರಶ್ನೆಯಲ್ಲಿ ಮೂರು ಭಾಗ. 4,500 ರೂಪಾಯಿಗೆ ಶೇ. 8ರ ದರದಲ್ಲಿ 2 ವರ್ಷಕ್ಕೆ ಸರಳ ಬಡ್ಡಿ ಎಷ್ಟು? ಒಟ್ಟು ಮೊತ್ತ ಎಷ್ಟು? ಆ ಮೊತ್ತವನ್ನು 12 ಸಮ ಕಂತುಗಳಲ್ಲಿ ತೀರಿಸಿದರೆ ಒಂದು ಕಂತು ಎಷ್ಟು?

ಮೊದಲ ಉತ್ತರ 720, ನೀಲಿ ಬಾಲ್‌ಪೆನ್ನಿನಲ್ಲಿ. ಎರಡನೆಯದು 5,220, ಅದೂ ಪೆನ್ನಿನಲ್ಲಿ. ಎರಡೂ ಸರಿ. ಮೂರನೆಯದು 975, ಪೆನ್ಸಿಲ್‌ನಲ್ಲಿ. ಅದು ತಪ್ಪು, 435 ಇರಬೇಕಿತ್ತು. ತಾಯಿಗೆ ಅನಿಸಿದ್ದು, "ಎರಡು ಗೊತ್ತಿತ್ತು ಟೀಚರೇ, ಮೂರನೆಯದಕ್ಕೆ ಭಾಗಾಕಾರ ತಪ್ಪಿದ್ದಾಳೆ."

5,220 ಅನ್ನು 12ರಿಂದ ಭಾಗಿಸುವಾಗ ಎಡವಿದರೆ 43 ಬರಬಹುದು, 453 ಬರಬಹುದು. 975 ಎಲ್ಲಿಂದ ಬರಬೇಕು? ನಾನು ಟಾರ್ಚಿಗಿಂತ ಮೊದಲು ಉತ್ತರವನ್ನೇ ಹಿಂದಕ್ಕೆ ನಡೆಸಿ ನೋಡಿದೆ. 975ಕ್ಕೆ 12ರಿಂದ ಗುಣಿಸಿದರೆ 11,700. ಅದರಿಂದ 4,500 ಕಳೆದರೆ 7,200. ಅಂದರೆ ಮಗುವಿನ ಮೊದಲ ಬಡ್ಡಿ 7,200. 72,000ವನ್ನು 100ರ ಬದಲು 10ರಿಂದ ಭಾಗಿಸಿದೆ. ಆ ತಪ್ಪನ್ನು ಬಿಟ್ಟರೆ ಮುಂದಿನ ಕೂಡಿಸುವುದೂ ಭಾಗಿಸುವುದೂ ಪೂರ್ತಿ ಸರಿ.

ಆಮೇಲೆ ಟಾರ್ಚ್ ಹಾಕಿದೆ. 720ರ ಬಲಗಡೆ ಖಾಲಿ ಜಾಗದಲ್ಲಿ ಬಣ್ಣವಿಲ್ಲದ ಒಂದು ಸೊನ್ನೆಯ ಕಾಲುವೆ. 5,220ರ ಅಡಿಯಲ್ಲಿ ಕಾಗದ ಒರಟಾಗಿತ್ತು, ಬಲದಿಂದ ಬೆಳಕು ಬಿದ್ದಾಗ ಎರಡು ನಿಂತ ಗೆರೆಗಳು, ಅಂದರೆ 11, ತೋರಿದವು. ಉಳಿದ ಅಂಕಿಗಳು ಪೆನ್ನಿನ ಕಾಲುವೆಯೊಳಗೆ ಸೇರಿಹೋಗಿ ಓದಲು ಸಿಗಲಿಲ್ಲ. ಪೆನ್ನಿನ ಮಸಿ ಎರಡೂ ಕಡೆ ಹೊಳಪಾಗಿತ್ತು, ನೀಲಿ ಹರಡಿರಲಿಲ್ಲ. ಆದ್ದರಿಂದ ಅಳಿಸಿದ್ದು ಮೊದಲು, ಪೆನ್ನು ಆಮೇಲೆ. ಕೊನೆಗೆ ಕಂಡದ್ದು ಎಲ್ಲಕ್ಕಿಂತ ಮೊದಲು ಕಾಣಬೇಕಾಗಿದ್ದ ಗುರುತು: ಅಂಚಿನ ಕಚ್ಚಾ ಲೆಕ್ಕದಲ್ಲಿ ಪೆನ್ಸಿಲ್‌ನ 10ರ ಪಕ್ಕದಲ್ಲಿ ಪೆನ್ನಿನ ಒಂದು ಸೊನ್ನೆ, ಸಮ ಚಿಹ್ನೆಗೆ ಒತ್ತಿಕೊಂಡು ಇಕ್ಕಟ್ಟಾಗಿ ಕೂತಿತ್ತು.

ಮೂರನೆಯದನ್ನು ಯಾಕೆ ತಿದ್ದಲಿಲ್ಲ ಎಂದು ಹುಡುಗಿಯನ್ನೇ ಕೇಳಿದೆ. ಪಕ್ಕದವಳ ಹಾಳೆಯಲ್ಲಿ ಎರಡು ಉತ್ತರ ನೋಡುವಷ್ಟರಲ್ಲಿ ಬಸ್ ಬಂದಿತ್ತಂತೆ. ಭಾಗಾಕಾರವನ್ನು ಮತ್ತೆ ಕಲಿಸುವ ಅಗತ್ಯ ಅವಳಿಗೆ ಇರಲೇ ಇಲ್ಲ. ಶೇಕಡಾ ಎಂದರೆ ನೂರಕ್ಕೆ ಎಂಬುದನ್ನು ಕಲಿಸಬೇಕಿತ್ತು. ತಾಯಿ ಹೇಳಿದಂತೆ ನಡೆದಿದ್ದರೆ ನಾವು ಒಂದು ವಾರ ಬೇರೆಯದನ್ನೇ ಕಲಿಸುತ್ತಿದ್ದೆವು.

ಇಂಥ ಉಳಿಕೆ ಉತ್ತರವೇ ಅತ್ಯುತ್ತಮ ಸಾಕ್ಷಿ. ತಿದ್ದುವವರು ಕಣ್ಣಿಗೆ ಬಿದ್ದ ಉತ್ತರವನ್ನು ತಿದ್ದುತ್ತಾರೆ, ಆ ಉತ್ತರವನ್ನು ನಂಬಿಕೊಂಡಿದ್ದ ಮುಂದಿನ ಸಾಲನ್ನು ಮರೆಯುತ್ತಾರೆ. ಹಾಗಾಗಿ ನಾನು ಈಗ ಪ್ರಶ್ನೆಗಳನ್ನು ಬೇಕೆಂದೇ ಸರಪಳಿಯಾಗಿ ಕೊಡುತ್ತೇನೆ. ಒಂದು ಮಿತಿ ಇದೆ: ಹೊಂದಿಸಿ ಬರೆಯುವ ಬಿಡಿಬಿಡಿ ಪ್ರಶ್ನೆಗಳಲ್ಲಿ, ಬಿಟ್ಟ ಸ್ಥಳ ತುಂಬಿಸುವುದರಲ್ಲಿ ಈ ದಾರಿ ಸಿಗುವುದಿಲ್ಲ; ಅಲ್ಲಿ ಕಾಗದವೇ ಗತಿ.

ನಮ್ಮ ಮಳೆಗಾಲದಲ್ಲಿ ಇದೆಲ್ಲ ಕೆಲಸ ಮಾಡುತ್ತದೆಯೇ?

ಕಡಿಮೆ ಮಾಡುತ್ತದೆ. ಗಾಳಿಯ ತೇವಕ್ಕೆ ಕಾಗದದ ನಾರುಗಳು ಉಬ್ಬುತ್ತವೆ, ಒತ್ತಿ ಕೂತಿದ್ದ ಕಾಲುವೆ ನಿಧಾನವಾಗಿ ಸಡಿಲವಾಗುತ್ತದೆ. ಆಟಿಯಲ್ಲಿ ಜಗಲಿಯ ಮೇಲೆ ಬಿಟ್ಟ ಹಾಳೆ ನಾಲ್ಕು ದಿನಕ್ಕೆ ಸಂಡಿಗೆಯ ಹಾಗೆ ಅಲೆಅಲೆಯಾಗುವುದನ್ನು ನೋಡಿದ್ದೀರಲ್ಲ. ಆ ಅಲೆಗಳ ನೆರಳಿನಲ್ಲಿ ಪೆನ್ಸಿಲ್‌ನ ಸಣ್ಣ ಕಾಲುವೆ ಕಳೆದುಹೋಗುತ್ತದೆ. ಇಸ್ತ್ರಿ ಪೆಟ್ಟಿಗೆ ಇಡಬೇಡಿ, ಇದ್ದ ಕಾಲುವೆಯೂ ಚಪ್ಪಟೆಯಾಗುತ್ತದೆ. ಭಾರವಾದ ಪುಸ್ತಕದಡಿ ಒತ್ತುವುದೂ ಬೇಡ. ಒಣ ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಇಟ್ಟು, ಬಂದ ದಿನವೇ ನೋಡಿ. ಮಳೆಗಾಲದ ಕಾಗದದಲ್ಲಿ ಜೆಲ್ ಮಸಿ ಅಳಿಸದ ಜಾಗದಲ್ಲೂ ಒಸರುವುದುಂಟು. ಅದನ್ನು ರಬ್ಬರಿನ ಗುರುತು ಎಂದುಕೊಳ್ಳುವ ಮೊದಲು ಅದೇ ಹಾಳೆಯ ಬೇರೆ ಜಾಗದೊಂದಿಗೆ ಹೋಲಿಸಿ ನೋಡಿ.

ಪೆನ್ನಿನ ಅಡಿಯಲ್ಲಿ ಅಳಿಸದೆ ಉಳಿದ ಪೆನ್ಸಿಲ್ ಅಂಕಿಯನ್ನು ಓದುವ ಬೇರೆ ದಾರಿ ಇದೆಯೇ?

ಇದೆ, ಸ್ವಲ್ಪ ತಮಾಷೆಯದು. ಗ್ರಾಫೈಟ್ ಅತಿಗೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಆ ಬೆಳಕಿನಲ್ಲೂ ಕಪ್ಪಾಗಿಯೇ ಕಾಣುತ್ತದೆ. ಬಹಳಷ್ಟು ನೀಲಿ ಬಾಲ್‌ಪೆನ್ನಿನ ಮಸಿಗಳು ಬರೀ ಬಣ್ಣದ ದ್ರಾವಣ. ಅತಿಗೆಂಪಿಗೆ ಅವು ಗಾಜಿನ ಹಾಗೆ ಪಾರದರ್ಶಕ. ದಾಖಲೆ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಇದಕ್ಕೆಂದೇ ಯಂತ್ರಗಳಿವೆ. ನಮ್ಮ ನೆರೆಮನೆಯ ಗೇಟಿನ ಸಿಸಿಟಿವಿ ಕ್ಯಾಮೆರಾ ಕತ್ತಲಾದ ಮೇಲೆ ಅತಿಗೆಂಪಿನಲ್ಲಿ ನೋಡುತ್ತದೆ. ಒಂದು ರಾತ್ರಿ ಅವರ ಅನುಮತಿ ಕೇಳಿ ಹಾಳೆಯನ್ನು ಅದರ ಮುಂದೆ ಹಿಡಿದು ನಿಂತೆ. ಪರದೆಯ ಮೇಲೆ ನೀಲಿ 3 ಮಾಯವಾಗಿ ಅಡಿಯಲ್ಲಿದ್ದ ಪೆನ್ಸಿಲ್‌ನ 8 ಉಳಿಯಿತು. ತೀರಾ ಹತ್ತಿರ ಹಿಡಿದರೆ ಕ್ಯಾಮೆರಾಕ್ಕೆ ಸ್ಪಷ್ಟವಾಗುವುದಿಲ್ಲ, ದೂರ ಹೋದರೆ ಅಂಕಿ ಚಿಕ್ಕದಾಗುತ್ತದೆ. ದಪ್ಪ ಬರವಣಿಗೆಗೆ ಮಾತ್ರ ಆದೀತು. ಇಂಗಾಲದ ಕಣಗಳಿರುವ ಕಪ್ಪು ಜೆಲ್ ಮಸಿ ಮಾಯವಾಗುವುದಿಲ್ಲ. ಮೊಬೈಲಿನ ಹಿಂಬದಿಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅತಿಗೆಂಪನ್ನು ತಡೆಯುವ ಸೋಸುಗಾಜು ಇರುವುದರಿಂದ ಅವು ಇದಕ್ಕೆ ಆಗಿಬರುವುದಿಲ್ಲ.

ವೈಟ್ನರ್ ಹಚ್ಚಿದ್ದರೆ? ಅಳಿಸಬಹುದಾದ ಪೆನ್ನಿನಲ್ಲಿ ಬರೆದಿದ್ದರೆ?

ವೈಟ್ನರ್ ಆದರೆ ಹಾಳೆಯ ಹಿಂಬದಿಯನ್ನು ನಿಮ್ಮ ಕಡೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿಯಿರಿ, ಹೆಚ್ಚಿನ ಸಲ ಓದಬಹುದು. ಕೆರೆಯಬೇಡಿ.

ತಿಕ್ಕಿದರೆ ಮಾಯವಾಗುವ ಪೆನ್ನುಗಳ ಮಸಿ ಅಳಿಯುವುದಿಲ್ಲ. ತಿಕ್ಕಿದ ಬಿಸಿಗೆ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಣ್ಣ ಕಳೆದುಕೊಳ್ಳುತ್ತದೆ. ಸೊನ್ನೆಗಿಂತ 10ರಿಂದ 20 ಡಿಗ್ರಿ ಕೆಳಗೆ ತಣಿಸಿದರೆ ಬಣ್ಣ ಮರಳುತ್ತದೆ. ಹಾಳೆಯನ್ನು ಬಿಗಿಯಾಗಿ ಮುಚ್ಚಿದ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು ನೋಡಬಹುದು. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಗಾಜಿನ ಬಳಿ ಇಟ್ಟ ಹಾಳೆಯಲ್ಲಿ ಯಾರೂ ಅಳಿಸದ ಉತ್ತರವೂ ಮಾಯವಾಗಬಹುದು ಎಂಬುದು ನೆನಪಿರಲಿ.

ಮಂಗಳೂರಿನಿಂದ ಹಾಳೆಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ನೋಡಿ ಹೇಳುತ್ತೀರಾ?

ಲೆಕ್ಕದ ಜಾಡು ಹೇಳಬಲ್ಲೆ, ಕಾಗದದ ಜಾಡು ಹೇಳಲಾರೆ. ಫೋಟೋ ಕುಗ್ಗುವಾಗ ಮೊದಲು ಸಾಯುವುದು ಬೂದು ಮಂಕು ಮತ್ತು ಸಣ್ಣ ನೆರಳು. ದಾಖಲೆ ಚೆನ್ನಾಗಿ ಕಾಣಲೆಂದು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಸ್ಕ್ಯಾನ್ ಆ್ಯಪ್‌ಗಳಂತೂ ಅಳಿಸಿದ ಗುರುತನ್ನೇ ಕೊಳೆ ಎಂದು ಭಾವಿಸಿ ತೊಳೆದುಬಿಡುತ್ತವೆ. ಕಳುಹಿಸಲೇಬೇಕಾದರೆ ನಾಲ್ಕು ದಿಕ್ಕಿನ ಟಾರ್ಚ್ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದು, ಡಾಕ್ಯುಮೆಂಟ್ ಆಗಿ ಲಗತ್ತಿಸಿ.

ತಿದ್ದಿದ್ದು ಯಾರು, ಯಾವಾಗ ಎಂದು ಹೇಳಬಹುದೇ?

ಮನೆಯಲ್ಲಿ ಕೂತು ಹೇಳಲಾಗದು. ಮೇಲಿನ ಯಾವ ಗುರುತೂ ಕ್ರಮವನ್ನು ಬಿಟ್ಟು ಹೆಚ್ಚಿನದನ್ನು ಹೇಳುವುದಿಲ್ಲ. ಪೆನ್ನು ಪೆನ್ಸಿಲ್‌ಗಿಂತ ಆಮೇಲಿನದು ಎಂದರೆ ಎರಡು ನಿಮಿಷ ಆಮೇಲೆಯೋ ಎರಡು ದಿನ ಆಮೇಲೆಯೋ ಕಾಗದಕ್ಕೆ ಗೊತ್ತಿಲ್ಲ. ಒಂದು ಅಂಕಿಯ ಆಕಾರ ನೋಡಿ ಅಪ್ಪನ ಕೈಬರಹ ಎಂದು ಹೇಳುವುದು ಊಹೆ. ನಾನು ಒಮ್ಮೆ ಹಾಗೆ ಹೇಳಿ ಕೆಟ್ಟವಳಾದೆ. ಆ ಹುಡುಗ ಏಳರ ನಡುವೆ ಅಡ್ಡಗೆರೆ ಹಾಕುವುದನ್ನು ಅಪ್ಪನಿಂದ ಆ ವಾರವಷ್ಟೇ ಕಲಿತಿದ್ದ. ಅಂಕ, ಪ್ರವೇಶ, ದೂರು ಎಂದು ವಿಷಯ ದೊಡ್ಡದಾದರೆ ಹಾಳೆಯನ್ನು ಹಾಗೆಯೇ ಕವರಿನಲ್ಲಿಟ್ಟು ತಜ್ಞರಿಗೆ ಬಿಡಿ.

ಹಾಗಾದರೆ ನಿಮ್ಮ ಮಕ್ಕಳಿಗೆ ಏನು ನಿಯಮ?

ಜಗಲಿಗೆ ರಬ್ಬರ್ ತರುವ ಹಾಗಿಲ್ಲ. ಮೊದಲ ಉತ್ತರ ಪೆನ್ಸಿಲ್‌ನಲ್ಲಿ, ಬೇಡವಾದರೆ ಅದರ ಮೇಲೆ ಒಂದೇ ಗೆರೆ, ಹೊಸದು ಪಕ್ಕದಲ್ಲಿ ಪೆನ್ನಿನಲ್ಲಿ. ಗೆರೆ ಹೊಡೆದ ಉತ್ತರಕ್ಕೂ ವಿಧಾನ ಸರಿಯಿದ್ದರೆ ಅರ್ಧ ಅಂಕ. ಆ ಅರ್ಧ ಅಂಕ ಶುರುವಾದ ಮೇಲೆ ಟಾರ್ಚ್ ಹೊರಗೆ ಬರುವುದು ಕಡಿಮೆಯಾಗಿದೆ. ಪೆನ್ಸಿಲ್‌ನ ಹಿಂಬದಿಗೆ ಅಂಟಿಕೊಂಡು ಬರುವ ಗುಲಾಬಿ ರಬ್ಬರನ್ನು ಏನು ಮಾಡಬೇಕು ಎಂದು ಮೊನ್ನೆ ಒಬ್ಬ ಕೇಳಿದ. ಅದಕ್ಕೆ ಸೆಲ್ಲೋಟೇಪ್ ಸುತ್ತಿಕೊಟ್ಟಿದ್ದೇನೆ.